ತಾರಸಿ ಸೋಲಾರ್ ಮನೆಯ ನಿವ್ವಳ ವಿದ್ಯುತ್ ಬಿಲ್

ತಾರಸಿಯ ಮೇಲೆ ಸೌರಫಲಕ ಹಾಕಿಸಿಕೊಂಡ ಮನೆಗೆ ಕರೆಂಟು ಎರಡು ಕಡೆಯಿಂದ ಬರುತ್ತದೆ, ಒಂದು ಕಡೆ ಹೊರಗೂ ಹೋಗುತ್ತದೆ. ಜಾಲದಿಂದ ಪಡೆದ ಯೂನಿಟ್‌ಗಳನ್ನು ಜಾಲಕ್ಕೆ ಕೊಟ್ಟ ಯೂನಿಟ್‌ಗಳೊಂದಿಗೆ ತಾಳೆ ಹಾಕಿ, ಉಳಿದದ್ದಕ್ಕೆ ದರ ಕಟ್ಟಿ, ನಿಗದಿತ ಶುಲ್ಕ ಮತ್ತು ತೆರಿಗೆಗಳನ್ನು ಸೇರಿಸಿದಾಗ ಬರುವ ಮೊತ್ತವೇ ನಿವ್ವಳ ವಿದ್ಯುತ್ ಬಿಲ್. ಕೂಡುವುದು, ಕಳೆಯುವುದು, ಗುಣಿಸುವುದು ಬಿಟ್ಟರೆ ಈ ಲೆಕ್ಕದಲ್ಲಿ ಬೇರೇನೂ ಇಲ್ಲ. ಆದರೂ ಅನೇಕ ಮನೆಗಳಲ್ಲಿ ಬಿಲ್ ಕೈಗೆ ಬಂದಾಗ ಗೊಂದಲವಾಗುತ್ತದೆ. ಕಾರಣ, ಯಾವ ಅಂಕಿಯನ್ನು ಯಾವುದರಿಂದ ಕಳೆಯಬೇಕು ಮತ್ತು ಎಷ್ಟು ಅವಧಿಗೊಮ್ಮೆ ಕಳೆಯಬೇಕು ಎಂಬುದು ಫಲಕದಿಂದ ತೀರ್ಮಾನವಾಗುವುದಿಲ್ಲ, ನಿಯಮದಿಂದ ತೀರ್ಮಾನವಾಗುತ್ತದೆ. ಒಂದೇ ಮನೆಯ ಒಂದೇ ತಿಂಗಳ ಮೀಟರ್ ಅಂಕಿಗಳಿಗೆ ಒಂದು ಪದ್ಧತಿಯಲ್ಲಿ ಏಳುನೂರು ರೂಪಾಯಿಗೂ ಕಡಿಮೆ, ಮತ್ತೊಂದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಿಲ್ ಬರಬಹುದು. ಈ ಲೇಖನ ಕರ್ನಾಟಕದ ಗೃಹ ಬಳಕೆದಾರರ ಪದ್ಧತಿಯನ್ನು ಮುಖ್ಯವಾಗಿಟ್ಟುಕೊಂಡು ಆ ಲೆಕ್ಕವನ್ನು ವಿವರಿಸುತ್ತದೆ.

ಮೀಟರ್‌ಗಳು ಏನನ್ನು ಅಳೆಯುತ್ತವೆ

ಸೋಲಾರ್ ಹಾಕಿಸಿದ ಮನೆಯಲ್ಲಿ ಸಾಮಾನ್ಯವಾಗಿ ಎರಡು ಮೀಟರ್ ಇರುತ್ತವೆ. ಇನ್ವರ್ಟರ್‌ನ ನಂತರ ಕೂರುವ ಉತ್ಪಾದನಾ ಮೀಟರ್, ಫಲಕಗಳು ಒಟ್ಟು ಎಷ್ಟು ಯೂನಿಟ್ ತಯಾರಿಸಿದವು ಎಂದು ಹೇಳುತ್ತದೆ. ಮನೆಗೂ ಜಾಲಕ್ಕೂ ನಡುವೆ ಇರುವ ನೆಟ್ ಮೀಟರ್ ಎರಡೂ ದಿಕ್ಕಿನ ಹರಿವನ್ನು ಬೇರೆ ಬೇರೆಯಾಗಿ ದಾಖಲಿಸುತ್ತದೆ. ಜಾಲದಿಂದ ಒಳಬಂದದ್ದು ಆಮದು, ಮನೆಯಿಂದ ಹೊರಹೋದದ್ದು ರಫ್ತು. ಹಲವು ನೆಟ್ ಮೀಟರ್‌ಗಳ ಪರದೆಯಲ್ಲಿ ಆಮದಿನ ಒಟ್ಟು ಅಂಕಿ 1.8.0 ಎಂಬ ಸಂಕೇತದೊಂದಿಗೂ ರಫ್ತಿನದು 2.8.0 ಎಂಬ ಸಂಕೇತದೊಂದಿಗೂ ಸರದಿಯಂತೆ ಕಾಣಿಸಿಕೊಳ್ಳುತ್ತವೆ. ಎರಡೂ ಏರುತ್ತಲೇ ಹೋಗುವ ಅಂಕಿಗಳು. ಈ ತಿಂಗಳಿನದರಿಂದ ಹಿಂದಿನ ತಿಂಗಳಿನದನ್ನು ಕಳೆದರೆ ಆ ತಿಂಗಳ ಆಮದು ಮತ್ತು ರಫ್ತು ಸಿಗುತ್ತವೆ.

ಉತ್ಪಾದನೆಯೂ ರಫ್ತೂ ಒಂದೇ ಅಲ್ಲ. ಹಗಲಿನಲ್ಲಿ ಫಲಕದಿಂದ ಬಂದ ಕರೆಂಟು ಮೊದಲು ಮನೆಯೊಳಗಿನ ಫ್ರಿಜ್, ಪಂಪು, ಫ್ಯಾನುಗಳಿಗೆ ಹೋಗುತ್ತದೆ. ಆ ಕ್ಷಣಕ್ಕೆ ಮನೆಗೆ ಬೇಡವಾದದ್ದು ಮಾತ್ರ ನೆಟ್ ಮೀಟರ್ ದಾಟಿ ಹೊರಗೆ ಹೋಗುತ್ತದೆ. ಮನೆಯೊಳಗೇ ಖರ್ಚಾದ ಸೌರ ಯೂನಿಟ್ ನೆಟ್ ಮೀಟರಿನಲ್ಲಿ ಎಲ್ಲೂ ಕಾಣುವುದಿಲ್ಲ. ಕೊಳ್ಳಬೇಕಾಗಿದ್ದ ಒಂದು ಯೂನಿಟ್ಟನ್ನು ತಪ್ಪಿಸಿ ಅದು ತನ್ನ ಕೆಲಸವನ್ನು ಆಗಲೇ ಮುಗಿಸಿರುತ್ತದೆ. ಈ ಸಂಬಂಧವನ್ನು ಎರಡು ಸಾಲಿನಲ್ಲಿ ಹೇಳಬಹುದು:

ನೇರ ಬಳಕೆ = ಉತ್ಪಾದನೆ − ರಫ್ತು
ಮನೆಯ ಒಟ್ಟು ಬಳಕೆ = ನೇರ ಬಳಕೆ + ಆಮದು

ಮೊಬೈಲ್ ಆ್ಯಪ್‌ನಲ್ಲಿ ಕಾಣುವ ಉತ್ಪಾದನೆಯನ್ನು ಬಿಲ್ಲಿನ ಆಮದಿನಿಂದ ಕಳೆಯುವುದು ಈ ಲೆಕ್ಕದಲ್ಲಿ ಅತ್ಯಂತ ಸಾಮಾನ್ಯವಾದ ತಪ್ಪು. ಹಾಗೆ ಕಳೆದರೆ ನೇರ ಬಳಕೆಯ ಯೂನಿಟ್‌ಗಳನ್ನು ಎರಡು ಬಾರಿ ಉಳಿಸಿದಂತೆ ಆಗುತ್ತದೆ. ಮೊದಲ ಸಲ ಅವು ಆಮದನ್ನೇ ಕಡಿಮೆ ಮಾಡಿವೆ, ಎರಡನೇ ಸಲ ಆಗಲೇ ಕಡಿಮೆಯಾದ ಆಮದಿನಿಂದ ಮತ್ತೆ ಕಳೆಯಲಾಗುತ್ತದೆ. ಬಿಲ್ಲಿಗೆ ಬೇಕಾದದ್ದು ಆಮದು ಮತ್ತು ರಫ್ತು ಎರಡೇ. ಉತ್ಪಾದನೆಯ ಅಂಕಿ ಬಿಲ್ ಸರಿಯಿದೆಯೇ ಎಂದು ಪರೀಕ್ಷಿಸಲು ಉಪಯೋಗಕ್ಕೆ ಬರುತ್ತದೆ.

ಬಿಲ್ಲಿನ ಭಾಗಗಳು

ಕರ್ನಾಟಕದ ಮನೆಗಳ ಕರೆಂಟ್ ಬಿಲ್ಲಿನಲ್ಲಿ ಎರಡು ಜಾತಿಯ ಶುಲ್ಕಗಳಿವೆ. ನಿಗದಿತ ಶುಲ್ಕ ಮಂಜೂರಾದ ಲೋಡಿನ ಮೇಲೆ ಬೀಳುತ್ತದೆ. ಒಂದು ಯೂನಿಟ್ಟನ್ನೂ ಬಳಸದಿದ್ದರೂ ಅದನ್ನು ಕಟ್ಟಲೇಬೇಕು, ಸೋಲಾರ್ ಅದನ್ನು ಮುಟ್ಟುವುದಿಲ್ಲ. ಉಳಿದವು ಯೂನಿಟ್‌ಗೆ ತಕ್ಕಂತೆ ಏರಿಳಿಯುತ್ತವೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಆದೇಶದಂತೆ 2025–26ರಲ್ಲಿ ಗೃಹ ಬಳಕೆಗೆ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂ. ನಿಗದಿತ ಶುಲ್ಕ, ಪ್ರತಿ ಯೂನಿಟ್‌ಗೆ 5.80 ರೂ. ವಿದ್ಯುತ್ ದರ ಇತ್ತು. ಇದರ ಜೊತೆಗೆ ವಿದ್ಯುತ್ ಸಂಸ್ಥೆಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗಾಗಿ ಯೂನಿಟ್‌ಗೆ 36 ಪೈಸೆ ಸರ್ಚಾರ್ಜ್ ಸೇರುತ್ತಿತ್ತು. ವಿದ್ಯುತ್ ದರದ ಮೊತ್ತದ ಮೇಲೆ ರಾಜ್ಯ ಸರ್ಕಾರದ ಶೇಕಡಾ 9ರಷ್ಟು ತೆರಿಗೆ ಇದೆ. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಮುಂದಿನ ಲೆಕ್ಕಗಳಲ್ಲಿ ಅದನ್ನು ಸೇರಿಸಿಲ್ಲ.

ಹಾಗಾಗಿ ಈ ದರಗಳಲ್ಲಿ ಉಳಿತಾಯವಾದ ಒಂದು ಯೂನಿಟ್‌ನ ನಿಜವಾದ ಬೆಲೆ 5.80 ರೂ. ಅಲ್ಲ. ತೆರಿಗೆ 52.2 ಪೈಸೆ ಮತ್ತು ಸರ್ಚಾರ್ಜ್ 36 ಪೈಸೆ ಸೇರಿ ಅದು ಸುಮಾರು 6.68 ರೂ. ಆಗುತ್ತದೆ. ಲೆಕ್ಕದ ನಿಖರತೆಗಾಗಿ 6.682 ಎಂದಿಟ್ಟುಕೊಳ್ಳಬಹುದು. ರಾಜ್ಯದಲ್ಲಿ 2024ರ ಏಪ್ರಿಲ್‌ನಿಂದ ಮನೆಗಳಿಗೆ ಒಂದೇ ದರ ಇರುವುದರಿಂದ ಈ ಬೆಲೆ ಎಲ್ಲ ಯೂನಿಟ್‌ಗೂ ಒಂದೇ. ಬಳಕೆ ಹೆಚ್ಚಿದಂತೆ ದರವೂ ಏರುವ ಹಂತಗಳಿರುವ ಕಡೆ ಸೌರ ಯೂನಿಟ್ ಮೊದಲು ಅಳಿಸುವುದು ಮೇಲಿನ ಹಂತದ ದುಬಾರಿ ಯೂನಿಟ್ಟನ್ನು. ಅಲ್ಲಿ ಸರಾಸರಿ ದರದಿಂದ ಉಳಿತಾಯ ಕಟ್ಟಿದರೆ ಲೆಕ್ಕ ತಪ್ಪುತ್ತದೆ.

ಈ ಎರಡು ಶುಲ್ಕಗಳ ಜೊತೆಗೆ ಬರುವ ಮೂರನೆಯ ಅಂಶ ರಫ್ತಿನ ದರ. ತಿಂಗಳ ತಾಳೆಯ ಬಳಿಕವೂ ರಫ್ತು ಉಳಿದರೆ ವಿದ್ಯುತ್ ಕಂಪನಿ ಅದನ್ನು ಕೊಳ್ಳುವ ಬೆಲೆ ಇದು. ಮನೆಯವರು ಕಂಪನಿಯೊಂದಿಗೆ ಮಾಡಿಕೊಳ್ಳುವ ವಿದ್ಯುತ್ ಖರೀದಿ ಒಪ್ಪಂದದಲ್ಲಿ ಇದು ನಮೂದಾಗಿರುತ್ತದೆ. ಘಟಕ ಯಾವ ವರ್ಷ ಚಾಲೂ ಆಯಿತು, ಗಾತ್ರವೆಷ್ಟು, ಸಬ್ಸಿಡಿ ಪಡೆಯಲಾಗಿದೆಯೇ ಎಂಬುದರ ಮೇಲೆ ಅದು ಬೇರೆ ಬೇರೆ. ರಾಜ್ಯದಲ್ಲಿ ಮೊದಮೊದಲು ಸೋಲಾರ್ ಹಾಕಿಸಿದವರಿಗೆ ಕೊಳ್ಳುವ ದರಕ್ಕಿಂತಲೂ ಹೆಚ್ಚಿನ ರಫ್ತು ದರ ಸಿಕ್ಕಿತ್ತು. ಫಲಕಗಳ ಬೆಲೆ ಇಳಿದಂತೆ ಹೊಸ ಒಪ್ಪಂದಗಳ ದರವೂ ಇಳಿಯಿತು. ಅಕ್ಕಪಕ್ಕದ ಎರಡು ಮನೆಗಳ ರಫ್ತು ದರ ಬೇರೆಯಾಗಿರಲು ಇದೇ ಕಾರಣ. ಈ ಲೇಖನದ ಲೆಕ್ಕಗಳಿಗೆ ಯೂನಿಟ್‌ಗೆ 2.50 ರೂ. ಎಂದು ಇಟ್ಟುಕೊಳ್ಳಲಾಗಿದೆ.

ಉದಾಹರಣೆ: ಆಮದು ಹೆಚ್ಚಾದ ತಿಂಗಳು

ಧಾರವಾಡದಲ್ಲಿ 3 ಕಿಲೋವ್ಯಾಟ್ ಲೋಡಿನ ಒಂದು ಮನೆ, ತಾರಸಿಯ ಮೇಲೆ 3 ಕಿಲೋವ್ಯಾಟ್ ಫಲಕ ಎಂದು ಊಹಿಸೋಣ. ಏಪ್ರಿಲ್‌ನ ಬಿಸಿಲಿನಲ್ಲಿ ದಿನಕ್ಕೆ ಸರಾಸರಿ 12 ಯೂನಿಟ್‌ನಂತೆ 30 ದಿನಕ್ಕೆ 360 ಯೂನಿಟ್ ಉತ್ಪಾದನೆಯಾಯಿತು. ನೆಟ್ ಮೀಟರಿನಲ್ಲಿ ಆಮದಿನ ಅಂಕಿ 1,420ರಿಂದ 1,665ಕ್ಕೆ ಏರಿದೆ, ಅಂದರೆ ಆಮದು 245. ರಫ್ತಿನ ಅಂಕಿ 1,130ರಿಂದ 1,340ಕ್ಕೆ ಏರಿದೆ, ಅಂದರೆ ರಫ್ತು 210.

ಉತ್ಪಾದನೆ 360ರಲ್ಲಿ ರಫ್ತು 210 ಕಳೆದರೆ ಮನೆಯೊಳಗೇ ಬಳಸಿದ್ದು 150. ಅದಕ್ಕೆ ಆಮದು 245 ಸೇರಿಸಿದರೆ ಮನೆಯ ಒಟ್ಟು ಬಳಕೆ 395 ಯೂನಿಟ್. ಸೋಲಾರ್ ಇಲ್ಲದಿದ್ದರೆ ಈ 395ಕ್ಕೂ ಬಿಲ್ ಬರುತ್ತಿತ್ತು: ವಿದ್ಯುತ್ ದರ 2,291 ರೂ., ತೆರಿಗೆ 206.19, ಸರ್ಚಾರ್ಜ್ 142.20, ನಿಗದಿತ ಶುಲ್ಕ 435, ಒಟ್ಟು 3,074.39 ರೂ.

ನೆಟ್ ಮೀಟರಿಂಗ್‌ನಲ್ಲಿ ಆಮದಿನಿಂದ ರಫ್ತನ್ನು ಯೂನಿಟ್‌ಗೆ ಯೂನಿಟ್ ಕಳೆಯಲಾಗುತ್ತದೆ. 245ರಲ್ಲಿ 210 ಹೋದರೆ ನಿವ್ವಳ ಆಮದು 35. ಇದಕ್ಕೆ ಮಾತ್ರ ದರ: 35 × 5.80 = 203 ರೂ. ತೆರಿಗೆ 18.27, ಸರ್ಚಾರ್ಜ್ 12.60, ನಿಗದಿತ ಶುಲ್ಕ 435. ಒಟ್ಟು ಬಿಲ್ 668.87 ರೂ.

ಉಳಿದ ಹಣ 2,405.52 ರೂ. ಇದು ಉತ್ಪಾದನೆಯಾದ 360 ಯೂನಿಟ್‌ಗಳನ್ನು 6.682ರಿಂದ ಗುಣಿಸಿದರೆ ಬರುವ ಮೊತ್ತವೇ. ಅಂದರೆ ತಿಂಗಳ ಕೊನೆಗೆ ನಿವ್ವಳ ಆಮದು ಉಳಿದಿರುವ ತನಕ, ಮನೆಯೊಳಗೆ ಖರ್ಚಾದ ಸೌರ ಯೂನಿಟ್‌ಗೂ ಹೊರಹೋದ ಯೂನಿಟ್‌ಗೂ ಬೆಲೆ ಒಂದೇ. ನೆಟ್ ಮೀಟರಿಂಗ್‌ನ ಇಡೀ ಅನುಕೂಲ ಈ ಸಮಾನತೆಯಲ್ಲಿದೆ. ಹಾಗೆಯೇ 668.87ರಲ್ಲಿ 435 ರೂ. ನಿಗದಿತ ಶುಲ್ಕವೇ ಆಗಿರುವುದನ್ನೂ ಗಮನಿಸಬೇಕು. ಬಿಲ್ ಸೊನ್ನೆಗೆ ಇಳಿಯದಿದ್ದರೆ ಅದು ಘಟಕದ ದೋಷವಲ್ಲ.

ರಫ್ತು ಹೆಚ್ಚಾದ ತಿಂಗಳು, ಮಳೆಯ ತಿಂಗಳು

ಮೇ ತಿಂಗಳಲ್ಲಿ ಇದೇ ಮನೆಯವರು ಮಕ್ಕಳ ರಜೆಗೆಂದು ಕೆಲವು ದಿನ ಊರಿಗೆ ಹೋದರು. ಉತ್ಪಾದನೆ 372, ರಫ್ತು 270, ಆಮದು 150. ಈಗ ರಫ್ತೇ 120 ಯೂನಿಟ್ ಹೆಚ್ಚು. ಕರ್ನಾಟಕದಲ್ಲಿ ತಾಳೆ ಆಯಾ ಬಿಲ್ಲಿನ ಅವಧಿಗೇ ಮುಗಿಯುತ್ತದೆ. ಹೆಚ್ಚುವರಿ ಯೂನಿಟ್ ಮುಂದಿನ ತಿಂಗಳಿಗೆ ಯೂನಿಟ್ಟಾಗಿ ಹೋಗುವುದಿಲ್ಲ, ಒಪ್ಪಂದದ ದರದಲ್ಲಿ ಹಣವಾಗಿ ಜಮೆಯಾಗುತ್ತದೆ. 120 × 2.50 = 300 ರೂ. ನಿಗದಿತ ಶುಲ್ಕ 435ರಲ್ಲಿ ಇದನ್ನು ಕಳೆದರೆ ಕಟ್ಟಬೇಕಾದದ್ದು 135 ರೂ.

ಜೂನ್‌ನಲ್ಲಿ ಮುಂಗಾರು ಹಿಡಿದು ಉತ್ಪಾದನೆ ದಿನಕ್ಕೆ 7 ಯೂನಿಟ್‌ಗೆ ಇಳಿಯಿತು. ತಿಂಗಳಿಗೆ 210 ಯೂನಿಟ್, ಅದರಲ್ಲಿ ರಫ್ತು 95, ಆಮದು 208, ನಿವ್ವಳ ಆಮದು 113. ವಿದ್ಯುತ್ ದರ 655.40, ತೆರಿಗೆ 58.99, ಸರ್ಚಾರ್ಜ್ 40.68, ನಿಗದಿತ ಶುಲ್ಕ 435 ಸೇರಿ ಬಿಲ್ 1,190.07 ರೂ. ಎರಡು ತಿಂಗಳಿಗೆ ಒಟ್ಟು 1,325.07 ರೂ.

ಹೆಚ್ಚುವರಿ ಯೂನಿಟ್ಟನ್ನು ಮುಂದಿನ ತಿಂಗಳಿಗೆ ಒಯ್ಯಲು ಬಿಟ್ಟು, ವರ್ಷದ ಕೊನೆಗೆ ಒಮ್ಮೆ ಚುಕ್ತಾ ಮಾಡುವ ಪದ್ಧತಿ ಮಹಾರಾಷ್ಟ್ರ ಮತ್ತು ಕೇರಳದಲ್ಲಿ ಬಳಕೆಗೆ ಬಂದಿತು. ಅದೇ ನಿಯಮ ಈ ಮನೆಗೆ ಇದ್ದರೆ ಮೇ ತಿಂಗಳ 120 ಯೂನಿಟ್ ಜೂನ್‌ನ 113ನ್ನು ಪೂರ್ತಿ ಅಳಿಸಿ ಇನ್ನೂ 7 ಉಳಿಯುತ್ತಿತ್ತು. ಎರಡು ತಿಂಗಳೂ ನಿಗದಿತ ಶುಲ್ಕ ಮಾತ್ರ ಕಟ್ಟಿ ಒಟ್ಟು 870 ರೂ. ಆಗುತ್ತಿತ್ತು. ದರ ಬದಲಾಗಿಲ್ಲ, ಬಿಸಿಲು ಬದಲಾಗಿಲ್ಲ, ತಾಳೆಯ ಅವಧಿಯೊಂದು ಬದಲಾದದ್ದಕ್ಕೆ 455 ರೂ. ವ್ಯತ್ಯಾಸ. ಬೇಸಿಗೆಯಲ್ಲಿ ಧಾರಾಳ ಬಿಸಿಲು, ಮಳೆಗಾಲದಲ್ಲಿ ವಾರಗಟ್ಟಲೆ ಮೋಡ ಇರುವ ಮಲೆನಾಡು ಮತ್ತು ಕರಾವಳಿಯ ಮನೆಗಳಿಗೆ ಈ ಅಂತರ ಇನ್ನೂ ದೊಡ್ಡದಾಗುತ್ತದೆ.

ತಾಳೆಯ ಮೂರು ಪದ್ಧತಿಗಳು

ನೆಟ್ ಮೀಟರಿಂಗ್ ಅಲ್ಲದೆ ಇನ್ನೆರಡು ಮುಖ್ಯ ಪದ್ಧತಿಗಳಿವೆ. ನೆಟ್ ಬಿಲ್ಲಿಂಗ್‌ನಲ್ಲಿ ಯೂನಿಟ್‌ನಿಂದ ಯೂನಿಟ್ ಕಳೆಯುವುದಿಲ್ಲ. ಆಮದಿಗೆಲ್ಲ ಕೊಳ್ಳುವ ದರ, ರಫ್ತಿಗೆಲ್ಲ ರಫ್ತಿನ ದರ ಕಟ್ಟಿ, ಬಳಿಕ ಹಣದಿಂದ ಹಣ ಕಳೆಯಲಾಗುತ್ತದೆ. ಗ್ರಾಸ್ ಮೀಟರಿಂಗ್‌ನಲ್ಲಿ ಫಲಕದ ಕರೆಂಟು ಮನೆಗೆ ಹೋಗುವುದೇ ಇಲ್ಲ. ಅಷ್ಟನ್ನೂ ಜಾಲಕ್ಕೆ ಮಾರಿ, ಮನೆಗೆ ಬೇಕಾದ ಅಷ್ಟನ್ನೂ ಜಾಲದಿಂದ ಕೊಳ್ಳಲಾಗುತ್ತದೆ. ಧಾರವಾಡದ ಮನೆಯ ಏಪ್ರಿಲ್ ಅಂಕಿಗಳನ್ನೇ ಮೂರಕ್ಕೂ ಹಾಕಿ ನೋಡಿದರೆ:

| ಪದ್ಧತಿ | ದರ ಬೀಳುವ ಯೂನಿಟ್ | ಬಿಲ್ಲಿನ ಮೊತ್ತ (ರೂ.) | ರಫ್ತಿನ ಜಮೆ (ರೂ.) | ಕಟ್ಟಬೇಕಾದದ್ದು (ರೂ.) |
|---|---|---|---|---|
| ನೆಟ್ ಮೀಟರಿಂಗ್ | 35 | 668.87 | ಇಲ್ಲ | 668.87 |
| ನೆಟ್ ಬಿಲ್ಲಿಂಗ್ | 245 | 2,072.09 | 525.00 | 1,547.09 |
| ಗ್ರಾಸ್ ಮೀಟರಿಂಗ್ | 395 | 3,074.39 | 900.00 | 2,174.39 |

ಮೂರರಲ್ಲೂ ರಫ್ತಿನ ದರ 2.50 ರೂ. ಎಂದೇ ಇಟ್ಟುಕೊಳ್ಳಲಾಗಿದೆ. ಮೊದಲೆರಡರ ನಡುವಿನ 878.22 ರೂ. ಅಂತರ ಎಲ್ಲಿಂದ ಬಂತು ಎಂದು ಸುಲಭವಾಗಿ ತಿಳಿಯಬಹುದು. ರಫ್ತಾದ 210 ಯೂನಿಟ್‌ಗಳಿಗೆ ತಲಾ 6.682 ರೂ. ಸಿಗುವ ಬದಲು 2.50 ರೂ. ಸಿಕ್ಕಿತು. ರಫ್ತಿನ ದರ ಕೊಳ್ಳುವ ದರಕ್ಕಿಂತ ಹೆಚ್ಚಿದ್ದರೆ ಈ ಸಾಲುಗಳ ಕ್ರಮವೇ ತಿರುಗುಮುರುಗಾಗುತ್ತದೆ. ಹಳೆಯ ಹೆಚ್ಚಿನ ದರದ ಒಪ್ಪಂದವಿದ್ದವರಿಗೆ ಮಾರಾಟವೇ ಲಾಭವಾಗಿದ್ದು ಹೀಗೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಖಾಸಗಿ ವಿದ್ಯುತ್ ಕಂಪನಿಗಳ ಹೊಸ ಗ್ರಾಹಕರನ್ನು 2023ರ ಏಪ್ರಿಲ್‌ನಿಂದ ನೆಟ್ ಮೀಟರಿಂಗ್ ಬಿಡಿಸಿ ನೆಟ್ ಬಿಲ್ಲಿಂಗ್‌ಗೆ ತರಲಾಯಿತು. ಅಲ್ಲಿ ಬ್ಯಾಟರಿ ಹಾಕಿಸಿಕೊಳ್ಳುವವರು ಹೆಚ್ಚಿದ್ದು ಈ ಲೆಕ್ಕದ ನೇರ ಪರಿಣಾಮ. ಅಲ್ಲಿ ನೆಲೆಸಿರುವ ಕನ್ನಡಿಗರೂ ಊರಿನ ಮನೆಯವರೂ ತಂತಮ್ಮ ಸೋಲಾರ್ ಬಿಲ್‌ಗಳನ್ನು ಹೋಲಿಸುವಾಗ ಪದ್ಧತಿ ಯಾವುದೆಂದು ಮೊದಲು ಕೇಳಿಕೊಳ್ಳಬೇಕು. ಭಾರತದಲ್ಲಿ 2021ರಲ್ಲಿ ತಿದ್ದುಪಡಿಯಾದ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು 500 ಕಿಲೋವ್ಯಾಟ್ ಅಥವಾ ಮಂಜೂರಾದ ಲೋಡ್, ಯಾವುದು ಕಡಿಮೆಯೋ ಅಲ್ಲಿಯವರೆಗೆ ನೆಟ್ ಮೀಟರಿಂಗ್‌ಗೆ ಅವಕಾಶ ಇಟ್ಟಿವೆ. ವಿವರಗಳನ್ನು ಗೊತ್ತುಮಾಡುವುದು ರಾಜ್ಯದ ಆಯೋಗಗಳು.

ಹಗಲು ಬಳಸಿದರೆ ಲಾಭವೇ?

ಸೋಲಾರ್ ಇರುವ ಮನೆಯವರಿಗೆ ವಾಷಿಂಗ್ ಮಷಿನ್, ಗ್ರೈಂಡರ್, ನೀರಿನ ಪಂಪನ್ನು ಹಗಲಲ್ಲೇ ಓಡಿಸಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದು ನಿಜವೋ ಅಲ್ಲವೋ ಎಂಬುದು ಪದ್ಧತಿಯ ಮೇಲಿದೆ. ರಾತ್ರಿಯ 40 ಯೂನಿಟ್ ಕೆಲಸವನ್ನು ಹಗಲಿಗೆ ತಂದರೆ ಆಮದು 40 ಇಳಿಯುತ್ತದೆ, ರಫ್ತೂ 40 ಇಳಿಯುತ್ತದೆ. ತಿಂಗಳ ತಾಳೆಯ, ಒಂದೇ ದರದ ನೆಟ್ ಮೀಟರಿಂಗ್‌ನಲ್ಲಿ ಆಮದು 205, ರಫ್ತು 170, ವ್ಯತ್ಯಾಸ ಮತ್ತೆ 35. ಬಿಲ್ ಒಂದು ಪೈಸೆಯೂ ಬದಲಾಗುವುದಿಲ್ಲ. ಮನೆಯವರು ತಮಗೆ ಅನುಕೂಲವಾದ ಹೊತ್ತಿನಲ್ಲಿ ಬಟ್ಟೆ ಒಗೆಯಬಹುದು.

ನೆಟ್ ಬಿಲ್ಲಿಂಗ್‌ನಲ್ಲಿ ಅದೇ ಬದಲಾವಣೆ 40 × 4.182, ಅಂದರೆ 167.28 ರೂ. ಉಳಿಸುತ್ತದೆ. ಹೊತ್ತಿಗೊಂದು ದರ ಇರುವ ಮೀಟರಿನಲ್ಲೂ ಹಗಲಿನ ಅಗ್ಗದ ಯೂನಿಟ್ ಸಂಜೆಯ ದುಬಾರಿ ಯೂನಿಟ್ಟನ್ನು ಪೂರ್ತಿ ಅಳಿಸದಿದ್ದರೆ ಹೊತ್ತು ನೋಡಿ ಬಳಸುವುದು ಸಾರ್ಥಕ. ಬ್ಯಾಟರಿಗೂ ಇದೇ ಮಾತು. ಬಿಲ್ ಇಳಿಸಲೆಂದು ಮಾತ್ರ ಬ್ಯಾಟರಿ ಕೊಂಡರೆ ತಿಂಗಳ ತಾಳೆಯ ನೆಟ್ ಮೀಟರಿಂಗ್‌ನಲ್ಲಿ ಅದರ ಹಣ ಹಿಂತಿರುಗುವುದಿಲ್ಲ. ತುಂಬಿಸಿ ತೆಗೆಯುವಾಗ ಆಗುವ ನಷ್ಟದಿಂದ ನಿವ್ವಳ ಆಮದು ಸ್ವಲ್ಪ ಏರುವುದೇ ಹೆಚ್ಚು. ಕರೆಂಟು ಹೋದಾಗ ಬೆಳಕು ಬೇಕು ಎಂಬುದು ಬೇರೆಯ ಕಾರಣ, ಅದು ನ್ಯಾಯವಾದದ್ದೇ.

ಬಿಲ್ ತಪ್ಪುವ ಬಗೆಗಳು

ಮೊದಲನೆಯದು, ನೆಟ್ ಮೀಟರ್ ಬರುವ ಮುನ್ನವೇ ಘಟಕ ಚಾಲೂ ಮಾಡುವುದು. ಹಳೆಯ ಒಂದೇ ದಿಕ್ಕಿನ ಎಲೆಕ್ಟ್ರಾನಿಕ್ ಮೀಟರ್‌ಗಳಲ್ಲಿ ಹಲವು, ಕಳ್ಳತನ ತಡೆಯುವ ಉದ್ದೇಶದಿಂದ, ಕರೆಂಟು ಯಾವ ಕಡೆ ಹರಿದರೂ ಬಳಕೆ ಎಂದೇ ಎಣಿಸುತ್ತವೆ. ಆಗ ಹೊರಹೋದ ಯೂನಿಟ್ಟಿಗೂ ಮನೆಯವರೇ ಹಣ ಕಟ್ಟಬೇಕಾಗುತ್ತದೆ. ಫಲಕ ಹಾಕಿಸಿದ ತಿಂಗಳೇ ಬಿಲ್ ಏರಿದರೆ ಮೊದಲು ನೋಡಬೇಕಾದದ್ದು ಇದನ್ನು. ಸೋಲಾರಿನ ಎಂಸಿಬಿಯನ್ನು ಮಧ್ಯಾಹ್ನ ಇಳಿಸಿ, ಏರಿಸಿ ಮೀಟರಿನ ವೇಗ ಗಮನಿಸಿದರೆ ಗೊತ್ತಾಗುತ್ತದೆ. ಮನೆಯಲ್ಲಿ ಬಳಕೆ ಕಡಿಮೆ ಇದ್ದಾಗಲೂ ಸೋಲಾರ್ ಇರುವಾಗಲೇ ಅಂಕಿ ಬೇಗ ಓಡುತ್ತಿದ್ದರೆ ಮೀಟರ್ ರಫ್ತನ್ನೂ ಬಳಕೆಯಾಗಿ ಎಣಿಸುತ್ತಿದೆ.

ಎರಡನೆಯದು ಬರವಣಿಗೆಯ ತಪ್ಪು. ಮೀಟರ್ ಓದುವವರು ಆಮದು ಮತ್ತು ರಫ್ತಿನ ಅಂಕಿಗಳನ್ನು ಅದಲುಬದಲು ಮಾಡುವುದು, ಮನೆ ಬಾಗಿಲು ಹಾಕಿದ್ದಾಗ ಸರಾಸರಿ ಬಿಲ್ ಕೊಟ್ಟು ರಫ್ತನ್ನು ಬಿಟ್ಟುಬಿಡುವುದು, ಮೀಟರ್ ಬದಲಿಸಿದ ತಿಂಗಳಲ್ಲಿ ಹಳೆಯ ಮೀಟರಿನ ಕೊನೆಯ ಅಂಕಿ ತಪ್ಪಿಹೋಗುವುದು ಇವೆಲ್ಲ ಇದರಲ್ಲಿ ಸೇರುತ್ತವೆ. ಇದಕ್ಕೆ ಸರಳ ಪರೀಕ್ಷೆಗಳಿವೆ. ರಫ್ತು ಎಂದಿಗೂ ಉತ್ಪಾದನೆಗಿಂತ ಹೆಚ್ಚಿರಲಾರದು. ಸೂತ್ರದಿಂದ ಬರುವ ಒಟ್ಟು ಬಳಕೆ, ಸೋಲಾರ್ ಹಾಕಿಸುವ ಮುನ್ನ ಅದೇ ತಿಂಗಳಲ್ಲಿ ಬರುತ್ತಿದ್ದ ಬಳಕೆಗೆ ಹತ್ತಿರವಿರಬೇಕು. ಧಾರವಾಡದ ಮನೆಯ ಏಪ್ರಿಲ್ ಬಳಕೆ ಹಿಂದೆ ಸುಮಾರು 400 ಇದ್ದರೆ 395 ನಂಬಲರ್ಹ. 250 ಅಥವಾ 600 ಬಂದರೆ ಮೂರು ಅಂಕಿಗಳಲ್ಲಿ ಒಂದು ತಪ್ಪಾಗಿರಬಹುದು. ಪ್ರತಿ ತಿಂಗಳು ಬಿಲ್ ಬರುವ ದಿನ ಎರಡೂ ಅಂಕಿಗಳ ಫೋಟೋ ತೆಗೆದಿಟ್ಟರೆ ದೂರು ಕೊಡುವಾಗ ಅದೇ ಆಧಾರ.

ಮೂರನೆಯದು ಮೂರು ಫೇಸ್ ಮನೆಗಳದ್ದು. ಇನ್ವರ್ಟರ್ ಒಂದೇ ಫೇಸಿಗೆ ಜೋಡಿಸಿದ್ದು, ಉಳಿದೆರಡು ಫೇಸ್‌ಗಳಲ್ಲಿ ಬಳಕೆ ನಡೆಯುತ್ತಿರುತ್ತದೆ. ಮೀಟರ್ ಮೂರೂ ಫೇಸನ್ನು ಆ ಕ್ಷಣವೇ ಕೂಡಿ ನೋಡುವುದಾದರೆ ತೊಂದರೆಯಿಲ್ಲ. ಫೇಸ್‌ಗೊಂದರಂತೆ ಬೇರೆಯಾಗಿ ಎಣಿಸಿದರೆ ಆಮದು, ರಫ್ತು ಎರಡೂ ಒಂದೇ ಪ್ರಮಾಣದಲ್ಲಿ ಉಬ್ಬುತ್ತವೆ. ನೆಟ್ ಮೀಟರಿಂಗ್‌ನಲ್ಲಿ ವ್ಯತ್ಯಾಸ ಅಷ್ಟೇ ಇರುವುದರಿಂದ ನಷ್ಟವಾಗದು, ನೆಟ್ ಬಿಲ್ಲಿಂಗ್‌ನಲ್ಲಿ ಪ್ರತಿ ಉಬ್ಬಿದ ಯೂನಿಟ್‌ಗೂ ಎರಡು ದರಗಳ ಅಂತರದಷ್ಟು ಹಣ ಹೋಗುತ್ತದೆ.

ನಾಲ್ಕನೆಯದು ಬಿಲ್ಲಿನ ತಪ್ಪಲ್ಲ, ಉತ್ಪಾದನೆಯ ಕೊರತೆ. ಜಾಲದ ಕರೆಂಟು ಹೋದರೆ, ಲೈನಿನಲ್ಲಿ ಕೆಲಸ ಮಾಡುವವರ ಸುರಕ್ಷತೆಗಾಗಿ ಇನ್ವರ್ಟರ್ ತಾನೂ ನಿಲ್ಲುತ್ತದೆ. ಮಧ್ಯಾಹ್ನದ ಲೋಡ್ ಶೆಡ್ಡಿಂಗ್ ಆದ ಹೊತ್ತಿನ ಬಿಸಿಲು ನಷ್ಟವೇ. ಬೀದಿಯ ಲೈನಿನ ವೋಲ್ಟೇಜ್ ಮಿತಿ ಮೀರಿದಾಗಲೂ ಹೀಗೆಯೇ ಆಗುತ್ತದೆ. ಆ್ಯಪ್‌ನ ದಿನದ ನಕ್ಷೆಯಲ್ಲಿ ನಡುಹಗಲಿನ ಗೆರೆ ಥಟ್ಟನೆ ಸೊನ್ನೆಗೆ ಬಿದ್ದು ಮತ್ತೆ ಏಳುತ್ತಿದ್ದರೆ ಇದೇ ಕಾರಣ. ಮೋಡ ಕವಿದರೆ ಗೆರೆ ಇಳಿಯುತ್ತದೆ, ಸೊನ್ನೆ ಮುಟ್ಟುವುದಿಲ್ಲ.

ಘಟಕದ ಗಾತ್ರಕ್ಕೂ ಬಿಲ್ಲಿಗೂ ಇರುವ ನಂಟು

ಎಷ್ಟು ದೊಡ್ಡ ಘಟಕ ಬೇಕು ಎಂಬ ಪ್ರಶ್ನೆಗೆ ಉತ್ತರವೂ ಈ ಲೆಕ್ಕದಲ್ಲೇ ಇದೆ. ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಆರಂಭಿಸಿದ ಪಿಎಂ ಸೂರ್ಯ ಘರ್ ಯೋಜನೆ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂ., ಮೂರನೆಯದಕ್ಕೆ 18,000 ರೂ., ಹೀಗೆ ಗರಿಷ್ಠ 78,000 ರೂ. ಸಹಾಯಧನ ಕೊಡುತ್ತದೆ. ಅದರಾಚೆಗೆ ಹೆಚ್ಚಿಸುವ ಪ್ರತಿ ಕಿಲೋವ್ಯಾಟ್ ಮನೆಯವರ ಪೂರ್ತಿ ಖರ್ಚು. ಒಂದು ಕಿಲೋವ್ಯಾಟ್ ವರ್ಷಕ್ಕೆ 1,400 ಯೂನಿಟ್ ಕೊಡುತ್ತದೆ ಎಂದಿಟ್ಟುಕೊಂಡರೆ, ಅಷ್ಟೂ ಆಮದನ್ನು ಅಳಿಸಲು ಬಳಕೆಯಾದಾಗ ಅದರ ಬೆಲೆ ಸುಮಾರು 9,355 ರೂ. ತಿಂಗಳ ತಾಳೆಯ ಬಳಿಕ ಅಷ್ಟೂ ಹೆಚ್ಚುವರಿಯಾಗಿ ಉಳಿದರೆ 3,500 ರೂ. ಮಾತ್ರ.

ಗೃಹಜ್ಯೋತಿ ಯೋಜನೆಯಡಿ ಈಗಾಗಲೇ ಸೊನ್ನೆ ಬಿಲ್ ಬರುತ್ತಿರುವ ಮನೆಯಲ್ಲಿ ಅಳಿಸಲು ಬಿಲ್ಲೇ ಇಲ್ಲದ್ದರಿಂದ ಈ ಉಳಿತಾಯದ ಲೆಕ್ಕ ಅನ್ವಯಿಸದು. ಬಿಲ್ ಕಟ್ಟುತ್ತಿರುವ ಮನೆಯವರು ಹಿಂದಿನ ಹನ್ನೆರಡು ತಿಂಗಳ ಬಿಲ್‌ಗಳನ್ನು ಮುಂದಿಟ್ಟುಕೊಂಡು, ಪ್ರತಿ ತಿಂಗಳ ಬಳಕೆಯನ್ನು ಆ ತಿಂಗಳ ನಿರೀಕ್ಷಿತ ಉತ್ಪಾದನೆಯೊಂದಿಗೆ ಹೋಲಿಸಬೇಕು. ಕರ್ನಾಟಕದಲ್ಲಿ ತಾಳೆ ತಿಂಗಳಿಗೊಮ್ಮೆ ಆಗುವುದರಿಂದ ವರ್ಷದ ಒಟ್ಟು ಬಳಕೆಗೆ ಸರಿಹೊಂದುವ ಘಟಕ ಸ್ವಲ್ಪ ದೊಡ್ಡದೇ ಆಗುತ್ತದೆ. ಬಿಸಿಲಿನ ತಿಂಗಳುಗಳಲ್ಲಿ ನಿವ್ವಳ ರಫ್ತು ಸೊನ್ನೆಯ ಆಸುಪಾಸಿನಲ್ಲಿ ನಿಲ್ಲುವಷ್ಟು ಫಲಕ ಹಾಕಿಸಿದ ಮನೆಗೆ ಪ್ರತಿ ಯೂನಿಟ್‌ಗೂ ಪೂರ್ತಿ ಬೆಲೆ ಸಿಗುತ್ತದೆ.